ಮಸ್ಕತ್ ಸಿಮ್ಮಿಗೆ ಕಾಣದ ಜೀಪು

ಷಡ್ಡಕ ಗುರು ರಜೆಗೆ ಬಂದಾಗಲೆಲ್ಲ ವೆಂಕಟೇಶನಿಗೆ ಊಟ ರುಚಿಸುತ್ತಿರಲಿಲ್ಲ. ಹೆಂಡತಿ ಗಂಗಾಮಣಿಯ ತಂಗಿಯ ಗಂಡ ಅವನು. ಮಸ್ಕತ್‌ನಲ್ಲಿ ಕ್ರೇನ್ ಓಡಿಸುತ್ತಾನೆ. ಯಸಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ವೆಂಕಟೇಶನ ಕಾಫಿ, ಮೆಣಸು ವಿಚಾರಿಸುವ ಮೊದಲು ಕೇಳುವುದು, “ನಿಮ್ಮ ಗುರು ಯಾವಾಗ ಬತ್ತಾನೆ?” ಅಂತ. ನಿಮ್ಮ ಗುರುವಂತೆ!

ಈ ಸಲ ಮಾತ್ರ ವೆಂಕಟೇಶ ಕಾದು ಕೂತಿದ್ದ. ಸಕಲೇಶಪುರದ ಕಡೆ ಶೂಟಿಂಗಿಗೆ ಬಂದ ತಂಡದವರು ಅವನನ್ನೂ ಅವನ ಹಳೇ ಜೀಪನ್ನೂ ಒಂದು ಸಿನಿಮಾಕ್ಕೆ ಹಾಕಿಕೊಂಡಿದ್ದರು. ಹೀರೋನನ್ನು ಜೀಪು ಹತ್ತಿಸದೆ, “ನಿನ್ನಂಥೋರ್ನ ಹತ್ತಿಸ್ಕೊಂಡ್ರೆ ಜೀಪಿಗೇ ಅವಮಾನ” ಅನ್ನುವ ಡ್ರೈವರ್ ಪಾರ್ಟು. ಈಗ ಆ ಸಿನಿಮಾ ಯೂಟ್ಯೂಬಿಗೆ ಬಂದಿತ್ತು. ಬಂದ ದಿನವೇ ಲಿಂಕನ್ನು ಗುರುವಿಗೆ ಕಳಿಸಿದ್ದ.

“ಓಪನ್ ಆಗಲ್ಲ ಅಣ್ಣ” ಎಂದು ಬಂದಿತ್ತು ಉತ್ತರ.

ಆಗಲ್ಲವಂತೆ! ತೋಟದಾಳುಗಳ ಲೈನ್ ಮನೆಯ ಕೆಂಚಯ್ಯನ ಹಳೇ ಫೋನಿನಲ್ಲೂ ಆಗುತ್ತದೆ, ಇವನ ದುಬಾರಿ ಫೋನಿನಲ್ಲಿ ಆಗುವುದಿಲ್ಲ. ನೋಡಿದರೆ ಹೊಗಳಬೇಕಾಗುತ್ತಲ್ಲ, ಹೊಟ್ಟೆಕಿಚ್ಚು. ಹಾಗೆಂದುಕೊಂಡು ವೆಂಕಟೇಶ ಸುಮ್ಮನಾಗಿದ್ದ.

ಈಗ ಗುರು ಜಗಲಿಯ ಮೇಲೆ ಎದುರಿಗೇ ಕೂತಿದ್ದ.

“ಈಗ ಮಸ್ಕತ್ತಲ್ಲಿಲ್ವಲ್ಲ, ಈಗ ನೋಡಪ್ಪ” ಎಂದ ವೆಂಕಟೇಶ.

ಗುರು ಲಿಂಕ್ ಒತ್ತಿ ಫೋನನ್ನೇ ತಿರುಗಿಸಿ ತೋರಿಸಿದ. ಕಪ್ಪು ಪರದೆ. ವಿಡಿಯೋ ಹಾಕಿದವರು ನಿಮ್ಮ ದೇಶದಲ್ಲಿ ಇದನ್ನು ತೋರಿಸಲು ಬಿಟ್ಟಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು.

“ಯಾವ ದೇಶ ಮಾರಾಯ? ನೀನು ಕೂತಿರೋದು ನಮ್ಮ ಜಗಲೀಲಿ!” ವೆಂಕಟೇಶನ ದನಿ ಏರಿತು. “ಏನೋ ಮಾಡಿಟ್ಕೊಂಡಿದೀಯ ಕಣೋ ನೀನು. ನನ್ನ ಮುಖ ನೋಡಕ್ಕೆ ಅಷ್ಟು ಸಂಕಟನಾ?”

“ಅಯ್ಯೋ, ನಾನೇನ್ ಮಾಡ್ಲಿ ಅಣ್ಣ? ನಿಮ್ ಸಿನಿಮಾದೋರ್ಗೇ ನನ್ನ ಕಂಡ್ರೆ ಆಗಲ್ವೇನೋ.”

ವೆಂಕಟೇಶ ಆ ಕ್ಷಣವೇ ಶೃತಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಶೂಟಿಂಗಿಗೆ ಬೇಕಾದ ಜಾಗ, ಜನ ಹೊಂದಿಸಿಕೊಡುವ ಹುಡುಗಿ ಅವಳು. ಅವನಿಗೆ ಪಾರ್ಟು ಕೊಡಿಸಿದವಳೂ ಅವಳೇ.

“ಹೊರದೇಶದಲ್ಲಿ ತೋರಿಸೋ ಹಕ್ಕನ್ನ ಪ್ರೊಡ್ಯೂಸರ್ ಬೇರೆ ಕಂಪನಿಗೆ ಮಾರವ್ರೆ ವೆಂಕಟೇಶಣ್ಣ” ಎಂದಳು ಶೃತಿ. “ಇವರ ಕೈಲಿ ಉಳ್ದಿರೋದು ಇಂಡಿಯಾದ್ದು ಮಾತ್ರ. ಅದಕ್ಕೇ ಯೂಟ್ಯೂಬಿಗೆ ಹಾಕೋವಾಗ ಇಂಡಿಯಾ ಬಿಟ್ಟು ಮಿಕ್ಕಿದ್ದೆಲ್ಲ ಬಂದ್ ಮಾಡಿಸವ್ರೆ. ಬಿಟ್ರೆ ಆ ಕಂಪನಿಯೋರು ಕೇಸ್ ಹಾಕ್ತಾರೆ.”

“ಇವನು ಇಂಡಿಯಾದಲ್ಲೇ ಕೂತವ್ನೆ ಕಣಮ್ಮ!”

“ಅವರು ಯಾವ ಸಿಮ್ ಹಾಕ್ಕೊಂಡವ್ರೆ?”

“ಮಸ್ಕತ್ತಿಂದೇ” ಎಂದ ಗುರು. “ರೋಮಿಂಗ್. ಆಫೀಸಿನೋರು ಹಾಕ್ಸಿಕೊಟ್ಟವ್ರೆ.”

ಶೃತಿ ನಕ್ಕಳು. “ಅಲ್ಲೇ ಐತೆ ನೋಡಿ. ನಾವೆಲ್ಲಿ ಕೂತಿದೀವಿ ಅಂತ ಯೂಟ್ಯೂಬಿಗೆ ಕಣ್ಣಿಗೆ ಕಾಣಲ್ಲ. ನೆಟ್ ಯಾವ ವಿಳಾಸದಿಂದ ಬತ್ತಾ ಐತೆ ಅಂತ ನೋಡ್ತದೆ. ರೋಮಿಂಗಲ್ಲಿ ಟವರ್ ನಮ್ಮೂರ್ದೇ ಆದ್ರೂ ನೆಟ್ ಸಾಮಾನ್ಯವಾಗಿ ಅವರ ಕಂಪನಿ ಇರೋ ದೇಶಕ್ಕೆ ಹೋಗಿ ಅಲ್ಲಿಂದ ಹೊರಡ್ತದೆ. ಹಂಗಾಗಿ ನಿಮ್ಮ ಜಗಲೀಲಿ ಕೂತ್ರೂ ಯೂಟ್ಯೂಬ್ ಲೆಕ್ಕಕ್ಕೆ ಅವರು ಒಮಾನಲ್ಲೇ ಅವ್ರೆ. ನಿಮ್ಮ ಹಾಟ್‌ಸ್ಪಾಟ್ ಕೊಡಿ, ಆಯ್ತದೆ.”

ವೆಂಕಟೇಶ ಗುರುವಿನ ಕಡೆ ನೋಡಿದ. ಅವನ ಮೇಲೆ ಹೊರಿಸಿದ್ದಕ್ಕೆ ಒಂದು ಮಾತು ಹೇಳಬೇಕಿತ್ತು, ಹೊಟ್ಟೆಕಿಚ್ಚು ಬಿಡಲಿಲ್ಲ. “ತಗೋ, ನಮ್ಮೂರಿನ ನೆಟ್ಟಲ್ಲಿ ನೋಡು” ಎಂದಷ್ಟೇ ಹೇಳಿ ಹಾಟ್‌ಸ್ಪಾಟ್ ಹಚ್ಚಿದ.

ಸಿನಿಮಾ ತೆರೆದುಕೊಂಡಿತು. ಗುರು ವೆಂಕಟೇಶನ ದೃಶ್ಯದ ತನಕ ಓಡಿಸಿ ನೋಡಿದ. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ನೋಡಿದ. ವೆಂಕಟೇಶ ಸಿನಿಮಾ ನೋಡಲಿಲ್ಲ, ಆ ಮುಖವನ್ನೇ ನೋಡಿದ. ತುಟಿ ಬಿಗಿಯಾಗಿತ್ತು, ಕಣ್ಣು ಅಲುಗುತ್ತಿರಲಿಲ್ಲ. ಗುರುವಿಗೆ ಹೊಸ ಕಾರು ಬಂದ ದಿನ ತನ್ನ ಮುಖವೂ ಹೀಗೇ ಇದ್ದಿರಬೇಕು.

“ಗೇರ್ ಹಾಕೋವಾಗ ಕೈ ನಡುಗ್ತಾ ಐತೆ” ಎಂದ ಗುರು.

“ಐತಾ?”

“ಸ್ವಲ್ಪ.” ಗುರು ಫೋನಿನಿಂದ ಕಣ್ಣೆತ್ತಿದ. “ಶಾಲೆ ನಾಟಕದಲ್ಲಿ ನಾನೇ ಹೀರೋ ಅಣ್ಣ, ಗೊತ್ತಾ? ಊರಲ್ಲೇ ಇದ್ದಿದ್ರೆ ಈ ಪಾರ್ಟು ನಂಗೇ ಸಿಕ್ತಿತ್ತು. ಆಯಮ್ಮನ ನಂಬರ್ ಕೊಡಿ.”

“ನಂಬರ್ ಪದೇ ಪದೇ ಬದಲಾಯಿಸ್ತಾಳೆ ಕಣೋ ಅವಳು.”

“ಈಗ ತಾನೇ ಮಾತಾಡಿದ್ರಲ್ರೀ!” ಎಂದು ಗಂಗಾಮಣಿ ಅಡುಗೆಮನೆಯಿಂದಲೇ ಕೂಗಿದಳು. “ಕೊಡ್ರೀ, ಏನು ಬಾವಿಲಿ ಬಿದ್ದೋಗ್ತದಾ?”

ವೆಂಕಟೇಶ ಕೇಳಿಸದವನಂತೆ ಎದ್ದು, ಫೋನು ಜೇಬಿಗೆ ಹಾಕಿಕೊಂಡು ಕಾಫಿ ಒಣಹಾಕಿದ್ದ ಕಣದ ಕಡೆ ಹೊರಟ. ಗುರುವಿನ ಕೈಯಲ್ಲಿ ಜೀಪು ಮೂರನೇ ಸಲ ಘಾಟಿ ಹತ್ತುತ್ತಿತ್ತು.

“ಅಣ್ಣ, ದೂರ ಹೋಗ್ಬೇಡಿ! ನೆಟ್ ಹೋಗ್ತದೆ!”

ವೆಂಕಟೇಶ ತಿರುಗಿ ನೋಡಲಿಲ್ಲ, ನಿಲ್ಲಲೂ ಇಲ್ಲ. ಹೆಜ್ಜೆಯನ್ನು ಮಾತ್ರ ಸ್ವಲ್ಪ ನಿಧಾನ ಮಾಡಿದ. ಫೋನು ಹಿಡಿದು ಹಿಂದೆಯೇ ಬರುತ್ತಿದ್ದ ಗುರುವಿನ ಚಪ್ಪಲಿಯ ಸದ್ದು ಕೇಳಿಸುತ್ತಿತ್ತು. ಬರಲಿ, ಕಣ ದೊಡ್ಡದಿದೆ.