ಮೇಲ್ ಮಾಡ್ರಿ ಸಾಹೇಬ್ರ

ಬಾಯಿಂದ ಊರು ಆಳುವವರಿಗೆ ಕೈಯಿಂದ ಒಂದು ಸಾಲು ಬರೆ ಅಂದರೆ ಜೀವ ಹೋಗುತ್ತದೆ. ಪ್ರತಾಪ ಅಂಥವರ ಪೈಕಿ ಮೊದಲ ಸಾಲಿನವ. ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಹೆಡ್ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು, ಟಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜನ್ನು ಫೋನಿನಲ್ಲೇ ನಡೆಸುವ ಮ್ಯಾನೇಜರ್. ಕಳಿಸು ಅಂದರೆ ಫೋನು, ನಿಲ್ಲಿಸು ಅಂದರೆ ಫೋನು. ಅವನ ಸಹಿ ಹೇಗಿರುತ್ತದೆ ಎಂದು ಟಿಕೋಟಾದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಆರತಿಯ ಸಹಿ. ಅವಳು ಅಲ್ಲಿ ಗುಣಮಟ್ಟ ನೋಡುವವಳು. ಪ್ರತಿ ಲಾಟಿನ ತೇವಾಂಶ ಅಳೆದು ಅವಳು ಸರ್ಟಿಫಿಕೇಟಿಗೆ ಸಹಿ ಹಾಕಿದ ಮೇಲೆಯೇ ಮಾಲು ಲಾರಿ ಏರಬೇಕು. ಮಾಲು ಕೆಟ್ಟರೆ ಹಿಡಿಯುವುದೂ ಆ ಸಹಿಯನ್ನೇ.

ಹಿಂದಿನ ವರ್ಷ ಸ್ಟೋರ್ ನೋಡುತ್ತಿದ್ದ ಪರಸಪ್ಪನನ್ನು ಹಿಡಿದಿದ್ದರು. ಆರತಿಯ ಸಹಿಗೆ ಕಾಯದೆ ಹಸಿ ಮಾಲು ಕಳಿಸೆಂದು ವಾಟ್ಸಾಪಿನಲ್ಲಿ ಹೇಳಿದವನು ಇದೇ ಪ್ರತಾಪ. ಮರುದಿನ ಮುಂಬೈಯಿಂದ ಮಾಲು ಬೇಡವೆಂದು ಸುದ್ದಿ ಬಂದ ಗಳಿಗೆಯಲ್ಲೇ ಸಾಹೇಬರು ಮೆಸೇಜು ಅಳಿಸಿ ಹಾಕಿ, "ನಾ ಯಾವಾಗ ಹೇಳೇನ್ಲೇ? ತೋರಸು ನೋಡೂಣು" ಎಂದು ಎಲ್ಲರ ಮುಂದೆ ಕೇಳಿದರು. ಪರಸಪ್ಪ ಫೋನು ತೆಗೆದರೆ ಅಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಎಂಬುದೊಂದೇ ಇತ್ತು. ಹದಿನಾಲ್ಕು ವರ್ಷ ದುಡಿದ ಮನುಷ್ಯ ಅವತ್ತೇ ಚೀಲ ಹೆಗಲಿಗೇರಿಸಿ ಮನೆಗೆ ಹೋದ. ಅದನ್ನು ಕಣ್ಣಾರೆ ಕಂಡ ಆರತಿಗೆ ಮುಂದಿನ ಸರದಿ ತನ್ನದೇ ಎಂಬುದು ತಿಳಿದಿತ್ತು.

ಅದು ಸಾಲದೆಂಬಂತೆ ಅವಳ ಸ್ವಂತ ನಂಬರನ್ನು ಪ್ರತಾಪ ಕಂಡಕಂಡವರಿಗೆಲ್ಲ ಹಂಚಿದ್ದ. ಬಬಲೇಶ್ವರದ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಫೋನು ಹೊಡೆದುಕೊಳ್ಳುತ್ತಿತ್ತು. ಒಂದು ಸಲ ಅತ್ತೆ ಮಲಕವ್ವ ಎತ್ತಿ, "ಯಾವನೋ ಲಾರಿ ಎಲ್ಲೈತಿ ಅಂತ ಕೇಳಾಕತ್ಯಾನ. ಲಾರಿ ನಮ್ಮ ಹಿತ್ತಲದಾಗ ಇಲ್ಲಪಾ ಅಂದೇನಿ" ಎಂದಿದ್ದಳು.

ಆರತಿ ಒಂದು ಸೋಮವಾರ ಆಫೀಸಿನ ಎಲ್ಲರಿಗೂ ಮೇಲ್ ಕಳಿಸಿದಳು. 'ನನ್ನ ಮೊಬೈಲ್ ನಂಬರ್ ಸ್ವಂತದ್ದು. ಇನ್ನು ಮುಂದೆ ಆಫೀಸಿನ ಕೆಲಸದ ಮಾತನ್ನು ದಯವಿಟ್ಟು ಆಫೀಸಿನ ಇಮೇಲಿಗೆ ಮಾತ್ರ ಬರೆಯಿರಿ. ಬಂದ ದಿನವೇ ಉತ್ತರ ಕೊಡುತ್ತೇನೆ.' ಅಷ್ಟೇ. ಬೈಗುಳವಿಲ್ಲ, ಬಿನ್ನಹವಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರ ಹೆಸರೂ ಇಲ್ಲದ ಆ ಮೇಲಿಗೆ ಮೊದಲು ಉರಿದದ್ದು ಪ್ರತಾಪನಿಗೆ. "ಡಿಸಿ ಆಗ್ಯಾರೇನ ಮೇಡಂ? ನಾಳಿಂದ ಅರ್ಜಿ ಬರದು ಮಾತಾಡಸೂಣು" ಎಂದು ಆಫೀಸಿನ ಗ್ರೂಪಿನಲ್ಲಿ ಹಾಕಿದ. ಸಾಹೇಬರು ನಕ್ಕರೆ ತಾವೂ ನಗಬೇಕೆಂದು ನಂಬಿದ ಏಳೆಂಟು ಜನ ನಗುವ ಮುಖಗಳನ್ನು ಒತ್ತಿದರು. ಟಿಕೋಟಾದಲ್ಲಿ ಲಾರಿ ಲೋಡಿಂಗ್ ಬರೆದುಕೊಳ್ಳುವ ಗೌತಮ ಅವಳ ಎದುರಿಗೇ ಕೂತು ಒತ್ತಿದ. ಇಂಥವರ ಬಗ್ಗೆ ಸಿಟ್ಟು ಮಾಡಿಕೊಂಡರೆ ಸಿಟ್ಟಿಗೇ ಅವಮಾನ. ಆರತಿ ಗ್ರೂಪಿನಿಂದ ಹೊರಬಂದಳು.

ಅಸಲಿಗೆ ಪ್ರತಾಪ ಮೇಲಿಗೆ ಹೆದರಲು ಬೇರೆ ಕಾರಣವಿತ್ತು. ಮಾಲಕರಾದ ಬಸಗೊಂಡಪ್ಪನವರು ಕಂಪ್ಯೂಟರ್ ಮುಟ್ಟುವವರಲ್ಲ. ಟಿಕೋಟಾಕ್ಕೆ ಹೋಗುವ, ಬರುವ ಪ್ರತಿ ಮೇಲಿನ ಒಂದು ನಕಲು ಹೆಡ್ ಆಫೀಸಿಗೂ ಹೋಗುತ್ತಿತ್ತು. ಕಂಪ್ಯೂಟರ್ ಆಪರೇಟರ್ ಜುಲೇಖಾ ಅವನ್ನೆಲ್ಲ ಪ್ರಿಂಟ್ ತೆಗೆದು, ಫೈಲಿಗೆ ಚುಚ್ಚಿ, ಬೆಳಿಗ್ಗೆ ಅವರ ಮೇಜಿನ ಮೇಲೆ ಇಡುತ್ತಿದ್ದಳು. ಮಾಲಕರು ಚಹಾ ಕುಡಿಯುತ್ತ ಪತ್ರಿಕೆ ಓದಿದಂತೆ ಅದನ್ನು ಓದುತ್ತಿದ್ದರು. ಹಾಗಾಗಿ ಪ್ರತಾಪ ಬರೆದದ್ದೆಲ್ಲ ಮರುದಿನ ಮಾಲಕರ ಕೈಗೆ ಸಿಗುತ್ತಿತ್ತು.

ಏಪ್ರಿಲ್ ಕೊನೆಗೆ ಅಡ್ಡಮಳೆ ಬಿದ್ದು, ನಿಡೋಣಿಯ ಯಲಗೂರಪ್ಪನ ಒಣಗಿಸುವ ಶೆಡ್ಡಿನಲ್ಲಿದ್ದ ದ್ರಾಕ್ಷಿ ತೊಯ್ದಿತು. ಯಲಗೂರಪ್ಪ ಪ್ರತಾಪನ ಹೆಂಡತಿಯ ತಮ್ಮ. ಮಾಲನ್ನು ಅರೆಬರೆ ಒಣಗಿಸಿ, ಬಾಕ್ಸಿಗೆ ತುಂಬಿ ಟಿಕೋಟಾಕ್ಕೆ ತಂದು ಇಳಿಸಿದ. ಮುಂಬೈ ಲಾರಿ ಅವತ್ತೇ ಹೊರಡುವುದಿತ್ತು. ಆರತಿ ಮೂರು ಬಾಕ್ಸಿನಿಂದ ತೆಗೆದು ಅಳೆದಳು. ಕಂಪನಿಯ ನಿಯಮದಂತೆ ತೇವಾಂಶ ಶೇಕಡಾ ಹದಿನೈದು ದಾಟುವಂತಿಲ್ಲ, ಮೀಟರ್ ತೋರಿಸಿದ್ದು ಹತ್ತೊಂಬತ್ತು. ಹದಿನೈದು ದಿನದಲ್ಲಿ ಬೂಸ್ಟು ಹಿಡಿಯುವ ಮಾಲು.

ಅವಳ ಫೋನು ಆರು ಸಲ ಹೊಡೆದುಕೊಂಡಿತು. ಎತ್ತಲಿಲ್ಲ. ಏಳನೆಯದು ಗೌತಮನ ಫೋನಿಗೆ ಬಂತು. ಗೌತಮ ಓಡಿಬಂದು ಅವಳ ಕಿವಿಗೆ ಹಿಡಿದ.

"ಸಹಿ ಮಾಡಿ ಕಳಸ್ರಿ. ಹತ್ತೊಂಬತ್ತ ಇರ್ಲಿ, ಇಪ್ಪತ್ತ ಇರ್ಲಿ, ನಾ ಅದೀನಿ" ಎಂದ ಪ್ರತಾಪ.

"ನೀವ್ ಅದೀರಿ ಅನ್ನೂದನ್ನ ಮೇಲ್ ಮಾಡ್ರಿ ಸಾಹೇಬ್ರ" ಎಂದಳು.

ಒಂದು ತಾಸಿನಲ್ಲಿ ಸಾಹೇಬರ ಕಾರು ಟಿಕೋಟಾಕ್ಕೆ ಬಂತು. ಇಳಿದವನೇ, "ನೌಕರಿ ಬ್ಯಾಡಾಗೇತೇನ ನಿನಗ?" ಎಂದ. ಇಷ್ಟು ದಿನ 'ರೀ' ಹಚ್ಚುತ್ತಿದ್ದ ಬಾಯಿ ಈಗ ಏಕವಚನಕ್ಕೆ ಇಳಿದಿತ್ತು. ಆರತಿಯ ಸಂಬಳದ ಮೇಲೆ ಅವಳ ಮನೆ ನಿಂತಿತ್ತು. ಆದರೂ ಕುರ್ಚಿ ಬಿಟ್ಟು ಎದ್ದು, ಕಂಪ್ಯೂಟರ್ ತೋರಿಸಿದಳು.

"ಬೇಕಾಗೇತಿ, ಅದಕ್ಕ ಕೇಳಾಕತ್ತೇನ್ರಿ. ಇಲ್ಲೇ ಕುಂತು ಬರೀರಿ. ತೇವಾಂಶ ಹತ್ತೊಂಬತ್ತ ಐತಿ, ಆದ್ರೂ ಕಳಸ್ರಿ ಅಂತ. ಈಗಿಂದೀಗ ಸಹಿ ಮಾಡ್ತೇನಿ."

ಲೋಡಿಂಗಿನ ಹುಡುಗರು, ಗೌತಮ, ಯಲಗೂರಪ್ಪ ಎಲ್ಲರೂ ನೋಡುತ್ತಿದ್ದರು. ಹೆದರಿದ ಎನಿಸಿಕೊಳ್ಳಬಾರದೆಂದು ಪ್ರತಾಪ ಧಿಮಾಕಿನಿಂದ ಕೂತ. ಪಾಸ್‌ವರ್ಡ್ ನೆನಪಿಲ್ಲ. ಜುಲೇಖಾಳಿಗೆ ಫೋನು ಹಚ್ಚಿ ಕೇಳಿದ. ಒಂದೇ ಬೆರಳಿನಿಂದ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟತೊಡಗಿದ. 'ತೇವಾಂಶ ಜಾಸ್ತಿ ಇದ್ದರೂ' ಎಂಬಲ್ಲಿಗೆ ಬೆರಳು ನಿಂತಿತು. ಅಳಿಸಿದ. ಮತ್ತೆ ಬರೆದ, ಮತ್ತೆ ಅಳಿಸಿದ. ಹತ್ತು ಜನರನ್ನು ಹೆದರಿಸಿ ಇಟ್ಟ ಗಂಡಸು, ಆರು ಶಬ್ದ ಬರೆಯಲು ಬೆವರಿದ. ಇಷ್ಟು ದಿನ ತಾನು ಹೆದರಿದ್ದು ಇವನಿಗೋ ಎಂದು ಆರತಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಕೊನೆಗೆ ಅವನ ಮುಖ ಅರಳಿತು. ಒಂದು ಸಾಲು ಕುಟ್ಟಿ ಕಳಿಸಿ, ಮೀಸೆ ಒರೆಸಿಕೊಂಡು ಎದ್ದ. "ತಗೋ, ಬರದೇನಿ. ಇನ್ನ ಲಾರಿ ಬಿಡು" ಎಂದು ಹೇಳಿ, ಯಲಗೂರಪ್ಪನ ಬೆನ್ನು ತಟ್ಟಿ ಕಾರು ಹತ್ತಿದ.

ಆರತಿ ಓದಿದಳು. 'ಯಲಗೂರಪ್ಪ ಅವರ ಲಾಟಿನ ಬಗ್ಗೆ ಕಂಪನಿ ನಿಯಮದ ಪ್ರಕಾರ ಕ್ರಮ ಕೈಗೊಳ್ಳಿ.' ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಮಾಲು ಪಾಸಾದರೆ ಪ್ರತಾಪ ಹೇಳಿದ್ದು, ಕೆಟ್ಟರೆ ಅವಳು ನಿಯಮ ಮೀರಿದ್ದು.

ಅವಳು ನಿಯಮದ ಪ್ರಕಾರವೇ ಕ್ರಮ ಕೈಗೊಂಡಳು. 'ತಮ್ಮ ಮೇಲಿನ ಆದೇಶದಂತೆ ಸದರಿ ಲಾಟನ್ನು ತಡೆಹಿಡಿಯಲಾಗಿದೆ. ತೇವಾಂಶ ಹತ್ತೊಂಬತ್ತು' ಎಂದು ಉತ್ತರ ಬರೆದು, ಬಾಕ್ಸುಗಳನ್ನು ಬೇರೆ ಇಡಿಸಿದಳು. ಲಾರಿ ಬೇರೆ ಮಾಲು ಹೇರಿಕೊಂಡು ಮುಂಬೈಗೆ ಹೋಯಿತು.

ಮರುದಿನ ಹತ್ತು ಗಂಟೆಗೆ ಬಸಗೊಂಡಪ್ಪನವರು ಸ್ವತಃ ಬಂದರು. ಕೈಯಲ್ಲಿ ಎರಡೂ ಮೇಲುಗಳ ಪ್ರಿಂಟು. ಹಿಂದೆ ಪ್ರತಾಪ, ಬಣ್ಣ ಬಿಟ್ಟ ಮುಖ. ಬಾಕ್ಸು ಒಯ್ಯಲು ಬಂದಿದ್ದ ಯಲಗೂರಪ್ಪನೂ ಅಲ್ಲೇ ನಿಂತಿದ್ದ. ಮಾಲಕರು ಒಂದು ಮುಷ್ಟಿ ದ್ರಾಕ್ಷಿ ಹಿಚುಕಿ ನೋಡಿ, ಕೈ ಒರೆಸಿಕೊಂಡು, ಪ್ರತಾಪನ ಹೆಗಲ ಮೇಲೆ ಕೈ ಇಟ್ಟರು.

"ಹಿಂತಾ ಮನಷ್ಯಾ ಬೇಕ್ ನೋಡ್ರಿ ಕಂಪನಿಗೆ! ಸ್ವಂತ ಹೇಣ್ತಿ ತಮ್ಮನ ಮಾಲು, ಆದ್ರೂ ನಿಯಮ ಬಿಡಬ್ಯಾಡ್ರಿ ಅಂತ ತಾನ ಬರದು ಕೊಟ್ಟಾನ. ಶಾಬಾಸ್ ಪ್ರತಾಪ!"

ಪ್ರತಾಪ ಬಾಯಿ ತೆರೆದ. ತಾನು ಹೇಳಿದ್ದು ಬೇರೆ ಎನ್ನಬೇಕಾದರೆ ಏನು ಹೇಳಿದ್ದೆ ಎಂದು ಮಾಲಕರ ಮುಂದೆ ಹೇಳಬೇಕು. ಬಾಯಿ ಮುಚ್ಚಿದ. ಆರತಿಯನ್ನು ನೋಡಿದ. ಅವಳು ತೇವಾಂಶದ ಪುಸ್ತಕದಲ್ಲಿ ತಾರೀಖು ಬರೆಯುತ್ತಿದ್ದಳು.

ಯಲಗೂರಪ್ಪ ಮಾತ್ರ ಕಣ್ಣು ಕೆಂಪಗೆ ಮಾಡಿಕೊಂಡು ಮುಂದೆ ಬಂದ.

"ಹೌದೇನ ಭಾವಾ? ನನ್ನ ಹೆಸರ ಹಾಕಿ ಬರದು ಕೊಟ್ಟಿ?" ಎಂದ. "ನಡೀ ಮನಿಗೆ. ಅಕ್ಕನ ಮುಂದ ಓದಿ ತೋರಸ್ತೇನಿ." ಮಾಲಕರ ಕೈಯಿಂದ ಪ್ರತಾಪ ಬರೆದ ಮೇಲಿನ ಪ್ರಿಂಟನ್ನು ಕೇಳಿ ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.