ಮೈನಸ್ ಚಿಹ್ನೆ ನುಂಗಿದ ಸಾಲು

ಅಣ್ಣ ಕೆಲಸದ ವೇಳೆಯಲ್ಲಿ ಫೋನು ಮಾಡುವವನೇ ಅಲ್ಲ. ಅದರಲ್ಲೂ ಹೋದ ವರ್ಷ ಕಾರ್ಖಾನೆಯಲ್ಲಿ ಎಡಗೈ ಸುಟ್ಟುಕೊಂಡು, ‘ವಾಲ್ವನ್ನು ಅವಸರದಲ್ಲಿ ತೆಗೆದ’ ಎಂಬ ಆರೋಪ ಹೊತ್ತು, ಪಾಳಿಯ ಮುಖ್ಯಸ್ಥನ ಸ್ಥಾನದಿಂದ ಕಡತ ಜೋಡಿಸುವ ಕೋಣೆಗೆ ಬಿದ್ದ ಮೇಲೆ ಅವನ ಮಾತು ಅಷ್ಟಕ್ಕಷ್ಟೆ. ಹಾಗಾಗಿ ಲ್ಯಾಬಿನ ಮೇಜಿನ ಮೇಲೆ ಫೋನು ಗುಂಯ್‌ಗುಟ್ಟಿ ಅವನ ಹೆಸರು ಮೂಡಿದಾಗ ತಂಗಿ ಕೈಲಿದ್ದ ಕೆಲಸ ಬಿಟ್ಟು ಎತ್ತಿಕೊಂಡಳು.

“ಪುಟ್ಟೀ, ಗಾಬರಿ ಬೀಳ್ಬೇಡ. ನಿಮ್ಮ ಲ್ಯಾಬಿನ ಕೋಷ್ಟಕಾನ ಹೊಸ ಕಡತಕ್ಕೆ ಸೇರಿಸ್ತಾ ಇದ್ದೆ. ತೊಂಬತ್ತು ಡಿಗ್ರಿಯ ಪುಟದಲ್ಲಿ ಅಚ್ಚಿನ ತಪ್ಪಿದೆ ಅನ್ಸುತ್ತೆ. ಸ್ಕೇಲ್ ಇಟ್ಕೊಂಡು ಓದ್ದೆ. ಸಾಂದ್ರತೆ ಏರ್ತಾ ಹೋಗುತ್ತೆ, ಒತ್ತಡ ಇಳೀತಾ ಬರುತ್ತೆ. ಐದು ಸಾಲು ಹಾಗೇ. ಆಮೇಲೆ ಮತ್ತೆ ಸರಿಹೋಗುತ್ತೆ. ಹಿಂಡಿದಷ್ಟೂ ಒತ್ತಡ ಇಳಿಯೋ ಪದಾರ್ಥ ಯಾವ್ದಮ್ಮಾ ಅದು? ಇದ್ರೆ ಒಂದು ಡಬ್ಬ ಕಳ್ಸು, ನಿಮ್ಮ ಅತ್ತಿಗೆಯ ಬಿ.ಪಿ.ಗೆ ಬೇಕು.”

ಅವಳು ನಕ್ಕಳು. ಫೋನಿಟ್ಟು ಪುಟ ತೆಗೆದವಳ ನಗು ಅಲ್ಲೇ ಆರಿತು.

ತಂಪು ಮಾಡುವ ಯಂತ್ರಗಳಿಗೆ ತುಂಬುವ ಹೊಸ ಶೀತಕ ಅನಿಲವೊಂದರ ಗುಣಗಳನ್ನೆಲ್ಲ ಅಳೆದು, ಸೂತ್ರಕ್ಕೆ ಹೊಂದಿಸಿ, ಕಾರ್ಖಾನೆಗಳಿಗೆ ಕೋಷ್ಟಕ ಮಾಡಿಕೊಡುವುದು ಅವಳ ಕೆಲಸ. ಲ್ಯಾಬಿನಲ್ಲಿ ಅವಳನ್ನು ಕೋಷ್ಟಕದಮ್ಮ ಎಂದೇ ಕರೆಯುವುದು. ಒಂದು ಕಾಲಂನಲ್ಲಿ ಸಂಪೀಡ್ಯತೆ, ಅಂದರೆ ಒತ್ತಿದರೆ ಎಷ್ಟು ಕುಗ್ಗುತ್ತದೆ ಎಂಬ ಲೆಕ್ಕ. ಇನ್ನೊಂದರಲ್ಲಿ ಉಷ್ಣಧಾರಣ ಸಾಮರ್ಥ್ಯ, ಅಂದರೆ ಒಂದು ಡಿಗ್ರಿ ಏರಲು ಎಷ್ಟು ಶಾಖ ಬೇಕು ಎಂಬುದು. ಎರಡೂ ಧನ ಸಂಖ್ಯೆಗಳಾಗಿರಲೇಬೇಕು. ಹಾಗೆ ಇವೆಯೇ ಎಂದು ಕೊನೆಯಲ್ಲಿ ಪ್ರೋಗ್ರಾಮೇ ತಪಾಸಣೆ ಮಾಡುತ್ತದೆ. ಈ ಪುಟವೂ ಆ ತಪಾಸಣೆಯಲ್ಲಿ ಪಾಸಾಗಿತ್ತು. ಎರಡೂ ಕಾಲಂಗಳಲ್ಲಿ ಒಂದೇ ಒಂದು ಮೈನಸ್ ಇರಲಿಲ್ಲ. ಆದರೆ ಒತ್ತಡದ ಕಾಲಂ ಮಾತ್ರ ಅಣ್ಣ ಹೇಳಿದಂತೆಯೇ ಇಳಿಯುತ್ತಿತ್ತು. ಒತ್ತಡ ಇಳಿಯುತ್ತಿದ್ದರೆ ಸಂಪೀಡ್ಯತೆ ಧನವಾಗಿರುವುದು ಹೇಗೆ?

ಅವಳು ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದಳು. ನಾನೂರ ಹನ್ನೆರಡನೆಯ ಸಾಲಿನಲ್ಲಿ ಸಿಕ್ಕಿತು, ಅವಳದೇ ಕೈಬರಹದಷ್ಟು ಪರಿಚಿತವಾದದ್ದು. ಮೂರು ವರ್ಷದ ಹಿಂದೆ ನಕ್ಷೆ ಬರೆಯುವಾಗ ಪ್ರೋಗ್ರಾಂ ಪದೇಪದೇ ನಿಂತುಬಿಡುತ್ತಿತ್ತು. ನಕ್ಷೆಗೆ ಲಾಗರಿದಮ್ ಬೇಕು, ಮೈನಸ್ ಸಂಖ್ಯೆಗೆ ಅದು ಸಿಗುವುದಿಲ್ಲ. ಹಳೆಯ ಒರಟು ಸೂತ್ರದ ಕೊಳಕು ಎಂದುಕೊಂಡು, ತಾತ್ಕಾಲಿಕವೆಂದು, ‘ಚಿಹ್ನೆ ಬಿಟ್ಟು ಬೆಲೆ ಮಾತ್ರ ತೆಗೆದುಕೋ’ ಎಂದು ಅವಳೇ ಬರೆದಿದ್ದಳು. ಆಮೇಲೆ ಮರೆತಿದ್ದಳು. ತಪಾಸಣೆ ನಡೆಯುತ್ತಿದ್ದದ್ದು ಆ ಸಾಲಿನ ನಂತರ. ಮೈನಸ್ಸನ್ನು ಮೊದಲೇ ನುಂಗಿ, ಆಮೇಲೆ ಮೈನಸ್ ಇದೆಯಾ ಎಂದು ಹುಡುಕುತ್ತ ಬಂದಿದ್ದ ಈ ಮಹಾಜಾಣೆಗೆ ಈಗ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಆ ಸಾಲನ್ನು ಅಳಿಸಿ ಮತ್ತೆ ಓಡಿಸಿದಳು. ತೊಂಬತ್ತು ಡಿಗ್ರಿಯ ಆ ಐದು ಸಾಲುಗಳಲ್ಲಿ ಸಂಪೀಡ್ಯತೆ ಮೈನಸ್. ಸ್ಥಿರ ಒತ್ತಡದ ಉಷ್ಣಧಾರಣ ಸಾಮರ್ಥ್ಯವೂ ಜೊತೆಗೇ ಮೈನಸ್.

ಇದರ ಅರ್ಥ ಅವಳಿಗೆ ಬಾಯಿಪಾಠ. ಅಂಥ ಅನಿಲದ ಒಂದು ಮೂಲೆ ಆಕಸ್ಮಿಕವಾಗಿ ಕೊಂಚ ದಟ್ಟವಾಯಿತೆನ್ನಿ. ಅಲ್ಲಿ ಒತ್ತಡ ಏರುವ ಬದಲು ಇಳಿಯುತ್ತದೆ, ಸುತ್ತಲಿನದು ಇನ್ನಷ್ಟು ಒಳನುಗ್ಗುತ್ತದೆ, ಮತ್ತೂ ಇಳಿಯುತ್ತದೆ. ತಡೆಯುವವರೇ ಇಲ್ಲ. ಸಂತೆಯಲ್ಲಿ ಎಲ್ಲಿ ಜನ ಹೆಚ್ಚೋ ಅಲ್ಲಿಗೇ ಜನ ನುಗ್ಗಿದ ಹಾಗೆ. ಕೊನೆಗೆ ಒಂದು ಕಡೆ ಗಟ್ಟಿ ದ್ರವ, ಇನ್ನೊಂದು ಕಡೆ ತೆಳು ಆವಿಯಾಗಿ ಒಡೆದುಕೊಳ್ಳುತ್ತದೆ. ಹಾಗಾಗಿ, ಒಂದೋ ಸೂತ್ರ ಸುಳ್ಳು, ಇಲ್ಲವೇ ತೊಂಬತ್ತು ಡಿಗ್ರಿಯಲ್ಲಿ ಅದು ಒಂದೇ ಹದದ ಅನಿಲವಲ್ಲ. ಎಂಬತ್ತೇಳು ಡಿಗ್ರಿ ದಾಟಿದ ಮೇಲೆ ಈ ಶೀತಕ ಎಷ್ಟು ಒತ್ತಿದರೂ ದ್ರವವಾಗದು ಎಂದು ಬೇರೊಂದು ಲ್ಯಾಬು ಅಳೆದಿತ್ತು. ಎಲ್ಲರೂ ಅದನ್ನೇ ನಂಬಿದ್ದರು.

ಕಿಟಕಿಯಿರುವ ಉಕ್ಕಿನ ಕೋಶಕ್ಕೆ ಶುದ್ಧ ಮಾದರಿ ತುಂಬಿಸಿ ಅವಳು ತೊಂಬತ್ತಕ್ಕೆ ಕಾಯಿಸಿದಳು. ಎರಡು ಗಂಟೆ ಅಲುಗಾಡಿಸದೆ ಬಿಟ್ಟು, ದಪ್ಪ ಗಾಜಿಗೆ ಕಣ್ಣಿಟ್ಟಳು. ನಡುವೆ ಕೂದಲೆಳೆಯಷ್ಟು ತೆಳುವಾದ ಗೆರೆ. ಕೆಳಗೆ ದ್ರವ, ಮೇಲೆ ಆವಿ. ತೊಂಬತ್ತೊಂದು, ತೊಂಬತ್ತೆರಡು, ತೊಂಬತ್ತಮೂರರಲ್ಲೂ ಗೆರೆ ಇತ್ತು. ತೊಂಬತ್ತನಾಲ್ಕು ದಾಟಿದ ಮೇಲೆಯೇ ಅದು ಮಾಯವಾದದ್ದು.

ಆಗ ಅವಳಿಗೆ ಅಣ್ಣನ ಕೈ ನೆನಪಾಯಿತು. ಸ್ಟೂಲಿನ ಮೇಲೆ ಕುಳಿತಳು. ಅಂದು ಪೈಪಿನಲ್ಲಿದ್ದದ್ದು ಇದೇ ಶೀತಕ, ತೊಂಬತ್ತೇ ಡಿಗ್ರಿ. ವಾಲ್ವ್ ತೆರೆದ ಕೂಡಲೇ ಏನೋ ಬಂದು ಪೈಪಿನ ತಿರುವಿಗೆ ಅಪ್ಪಳಿಸಿತ್ತು, ಜೋಡಣೆ ಬಿರಿದು ಬಿಸಿ ಅನಿಲ ಅವನ ಕೈಮೇಲೆ ಎರಚಿತ್ತು. ವಿಚಾರಣೆಯವರು ಅವಳ ಕೋಷ್ಟಕವನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದ್ದರು. ಪೈಪಿನಲ್ಲಿ ದ್ರವವೇ ಇರಲು ಸಾಧ್ಯವಿಲ್ಲ, ಬರೀ ಅನಿಲ ಇಂಥ ಹೊಡೆತ ಕೊಡಬೇಕಾದರೆ ವಾಲ್ವನ್ನು ಸರಕ್ಕನೆ ತೆಗೆದಿರಲೇಬೇಕು ಎಂದು ಬರೆದಿದ್ದರು. ಮೂವತ್ತು ಎಣಿಸುತ್ತ ತೆಗೆದೆ ಎಂದು ಅಣ್ಣ ಬಡಿದುಕೊಂಡಿದ್ದ. ಯಾರೂ ಕಿವಿಗೊಡಲಿಲ್ಲ. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನಿಂತು ಅವಳೇ ಗದರಿದ್ದಳು, “ಅಷ್ಟು ಅವಸರ ಏನಿತ್ತಣ್ಣಾ?”

ಲ್ಯಾಬಿನ ನಿರ್ದೇಶಕರು ಅವಳು ತಂದ ಕಾಗದಗಳನ್ನು ಮೂರು ಸಲ ತಿರುವಿ ಹಾಕಿದರು. “ಮೈನಸ್ ಉಷ್ಣಧಾರಣೆ ಅಂದ್ರೆ ಪ್ರಳಯವೇನಲ್ಲಮ್ಮ. ನಕ್ಷತ್ರಗಳ ಗುಂಪಿಗೆ ಇರುತ್ತೆ.”

“ಅವು ತಮ್ಮ ಸೆಳೆತದಿಂದಲೇ ಒಟ್ಟಿಗೆ ಇರೋವು ಸರ್. ನಮ್ಮದು ಪೈಪು.”

“ಮುಂದಿನ ಆವೃತ್ತೀಲಿ ತಿದ್ದೋಣ. ಮುಗಿದಿದ್ದನ್ನ ಕೆದಕ್ಬೇಡ. ಮುಂದಿನ ತಿಂಗಳು ನಿನ್ನ ಕೆಲಸ ಖಾಯಂ ಮಾಡೋ ಸಭೆ ಇದೆ. ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ?”

“ಅದೇ ಪೈಪು ಇವತ್ತೂ ಓಡ್ತಾ ಇದೆ ಸರ್. ಇವತ್ತೂ ಯಾರೋ ಅದೇ ವಾಲ್ವ್ ತಿರುಗಿಸ್ತಾರೆ.”

ಅವಳು ತನ್ನ ಮೇಜಿಗೆ ಬಂದು, ಕೋಷ್ಟಕ ಪಡೆದ ಎಲ್ಲರಿಗೂ, ವಿಚಾರಣೆ ನಡೆಸಿದವರಿಗೂ ಪತ್ರ ಬರೆದಳು: ಆ ಪುಟ ಬಳಸಬೇಡಿ, ಪೈಪು ನಿಲ್ಲಿಸಿ, ತಪ್ಪು ನನ್ನದು. ಕಳಿಸುವ ಗುಂಡಿ ಒತ್ತಿದಳು.

ಸಂಜೆ ಅಣ್ಣನ ಮನೆಗೆ ಹೋದಳು. ಅತ್ತಿಗೆ ಚಹಾ ಇಟ್ಟು ಒಳಗೆ ಹೋದರು. ಅವಳು ಯಾವುದನ್ನೂ ಬಿಡದೆ ಹೇಳಿದಳು. ನಾನೂರ ಹನ್ನೆರಡನೆಯ ಸಾಲು, ಕಿಟಕಿಯೊಳಗಿನ ಗೆರೆ, ಪೈಪಿನ ತಳದಲ್ಲಿ ಕೂತಿದ್ದ ದ್ರವ. ವಾಲ್ವ್ ಎಷ್ಟು ನಿಧಾನವಾಗಿ ತೆಗೆದಿದ್ದರೂ ಆ ದ್ರವ ಮುದ್ದೆಯಾಗಿ ಹೋಗಿ ತಿರುವಿಗೆ ಬಡಿಯುತ್ತಿತ್ತು ಎಂಬುದನ್ನೂ ಹೇಳಿದಳು. ಅಣ್ಣ ಬೈಯಬಹುದು, ಎದ್ದು ಹೋಗಬಹುದು ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ.

“ಹಾಗಾದ್ರೆ ನಾನು ನಿಧಾನವಾಗೇ ತೆಗೆದಿದ್ದೆ, ಅಲ್ವಾ?” ಎಂದ. “ಎಲ್ರೂ ಹೇಳಿ ಹೇಳಿ ನಂಗೇ ಅನುಮಾನ ಬಂದಿತ್ತು ಪುಟ್ಟೀ. ಎಣಿಸಿದ್ನೋ, ಎಣಿಸಿದೆ ಅಂತ ಅಂದ್ಕೊಂಡ್ನೋ ಅಂತ.”

“ನೀನು ಎಣಿಸಿದ್ದೆ ಅಣ್ಣ.”

ಅವನು ಮುರುಟಿದ ಎಡಗೈಯನ್ನು ಬಲಗೈ ಜೊತೆ ಎತ್ತಿ, ಇಲ್ಲದ ಚಕ್ರವೊಂದನ್ನು ಗಾಳಿಯಲ್ಲಿ ಹಿಡಿದು ತಿರುಗಿಸತೊಡಗಿದ. ಒಂದು, ಎರಡು, ಮೂರು. ತೀರಾ ನಿಧಾನ. ಅವಳಿಗೆ ನೋಡಲಾಗಲಿಲ್ಲ, ಆದರೂ ನೋಡಿದಳು. ಹತ್ತು. ಹದಿನೈದು. ಚಹಾ ಆರಿ ಕೆನೆ ಕಟ್ಟಿತು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತಿದ್ದರು. ಮೂವತ್ತಕ್ಕೆ ಅವನು ಕೈ ಇಳಿಸಿದ.

“ಇಷ್ಟು ಹೊತ್ತು ತಗೊಂಡಿದ್ದೆ,” ಎಂದ. “ನೀನೂ ನಂಬ್ಲಿಲ್ಲ.”