ಕೋಮಲಳ ಮುಂಗೂದಲು

ತೀರಿಹೋದ ಮಗಳು ಕೋಮಲಳನ್ನು ತನ್ನ ಮದುವೆಯ ಸೀರೆಯಲ್ಲಿ ಒಮ್ಮೆ ನೋಡಬೇಕೆಂಬುದು ಗಿರಿಜವ್ವನ ಹಂಬಲ. ತಂಗಿಯ ಮಗಳು ಆ ಸೀರೆ ಉಟ್ಟು ಫೋಟೊಗೆ ನಿಂತಳು. ಚಿಕ್ಕೋಡಿಯ ಫೋಟೊ ಸ್ಟುಡಿಯೋದ ಶುಭಾಂಗಿ ಕಂಪ್ಯೂಟರಿನಲ್ಲಿ ಆ ಫೋಟೊಗೆ ಕೋಮಲಳ ಮುಖ ಕೂಡಿಸಿದಳು. ಮುಖ ಸಿಕ್ಕಿದ್ದು ಕಾಲೇಜಿನ ಕಾರ್ಡಿನಲ್ಲಿ: ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ, ಬರಿಯ ಹಣೆ. ತಂಗಿಯ ಮಗಳಿಗೋ ಹುಬ್ಬಿನವರೆಗೆ ಕತ್ತರಿಸಿದ ಮುಂಗೂದಲು.

"ಇದೇನವ್ವಾ, ಕುಡಗೋಲಿಲೆ ಕೊಯ್ದಂಗ ಆಗೇತಲ್ಲ!" ಗಿರಿಜವ್ವ ಸಿಡುಕಿದಳು. ಬರಿಹಣೆ ಮುಂಗೂದಲನ್ನು ನುಂಗಿ, ನೆತ್ತಿಯ ಕೆಳಗೆ ಅಡ್ಡಗೆರೆ ಎದ್ದಿತ್ತು.

"ತಡೀರಿ ಕಾಕೂ, ಆ ಹುಡುಗಿ ಕೂದಲಾ ಮತ್ತ ಮ್ಯಾಲ ತರ್ತೀನಿ."

ಶುಭಾಂಗಿ ಮೊದಲಿನ ಫೋಟೊದಿಂದ ಮುಂಗೂದಲನ್ನು ಎಳೆ ಎಳೆಯಾಗಿ ಬಿಡಿಸಿ ಹೊಸ ಹಣೆಯ ಮೇಲೆ ಇಳಿಬಿಟ್ಟಳು. ಎಳೆಗಳ ಸಂದಿಯಲ್ಲಿ ಕೋಮಲಳ ಮೈಬಣ್ಣ ಕಾಣುವಂತೆ ಮಾಡಿ, ಕೆಳಗೆ ತೆಳ್ಳಗೆ ನೆರಳು ಕೊಟ್ಟಳು. ಗೆರೆ ಮಾಯವಾಯಿತು.

ಗಿರಿಜವ್ವ ಕಂಪ್ಯೂಟರಿನ ಪರದೆಯ ಹತ್ತಿರಕ್ಕೆ ಬಾಗಿದಳು. ಇಂಥ ಮುಂಗೂದಲಿಗಾಗಿ ಮಗಳು ಎಷ್ಟು ಗೋಗರೆದಿದ್ದಳು! ಕಾರ್ಡಿನ ಫೋಟೊ ತೆಗೆಸುವ ದಿನವೂ ಬೈದು, ಎಣ್ಣೆ ಸುರಿದು ಬಾಚಿದವಳು ತಾನೇ.

"ಕಣ್ಣಾಗ ಬೀಳತಾವ ನನ್ನವ್ವ," ಎನ್ನುತ್ತ ಆ ಕೂದಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಲು ಕೈ ಚಾಚಿದಳು.

ಬೆರಳಿಗೆ ಗಾಜು ತಗುಲಿತು.